ಬಿಲ್ಲಿಗೆ ದುಡ್ಡು ಕೊಡುವ ಮೊದಲು ಮೂರು ಕಾಗದ ಹೊಂದಿಸಿ

ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿ ಬಂದವರಿಗೆ ಈ ಲೆಕ್ಕ ಗೊತ್ತು. ಹರಾಜಿನಲ್ಲಿ ನಿಂತ ದರ ಒಂದು, ತಕ್ಕಡಿ ತೋರಿಸಿದ ತೂಕ ಇನ್ನೊಂದು. ಎರಡನ್ನೂ ಗುಣಿಸಿ ನೋಡದೆ ಯಾರೂ ದುಡ್ಡು ಎಣಿಸಿಕೊಳ್ಳುವುದಿಲ್ಲ. ಮಾರುವಾಗ ಇಷ್ಟು ಹುಷಾರಾಗಿರುವ ನಾವು ಕೊಳ್ಳುವಾಗ ಮಾತ್ರ ಬಿಲ್ಲಿನ ಕೊನೆಯ ಸಾಲು ನೋಡಿ ದುಡ್ಡು ಕೊಟ್ಟುಬಿಡುತ್ತೇವೆ.

ನಮ್ಮದು ಸಣ್ಣ ಬೆಳೆಗಾರರ ಒಂದು ಗುಂಪು. ಹಿಪ್ಪುನೇರಳೆ, ಮಾವು, ತೆಂಗು ಇರುವವರು ಸೇರಿ ಬೇವಿನ ಹಿಂಡಿಯನ್ನು ಒಟ್ಟಾಗಿ ತರಿಸುತ್ತೇವೆ. ಲೆಕ್ಕ ಬರೆಯುವ ಕೆಲಸ ನನ್ನದು. ಒಂದು ಲೋಡಿನ ಲೆಕ್ಕವನ್ನು ಇಲ್ಲಿ ಪೂರ್ತಿ ಬಿಡಿಸಿಡುತ್ತೇನೆ. ಒಟ್ಟಾಗಿ ಗೊಬ್ಬರ, ಪೈಪು, ಕ್ರೇಟು ಕೊಳ್ಳುವ ಯಾವ ಗುಂಪಿಗಾದರೂ ಇದು ಹೊಂದುತ್ತದೆ.

ಮೂರು ಕಾಗದ ಯಾವುವು?

ಮೊದಲನೆಯದು ಖರೀದಿ ಆರ್ಡರು. ನಾವು ಏನು ಕೇಳಿದೆವು, ಎಷ್ಟು, ಯಾವ ದರಕ್ಕೆ ಎಂಬುದು ಇದರಲ್ಲಿರುತ್ತದೆ. ಎರಡನೆಯದು ಮಾಲು ಇಳಿಸಿಕೊಂಡ ಚೀಟಿ. ನಿಜವಾಗಿ ಏನು ಬಂತು ಎಂದು ಇಳಿಸಿಕೊಂಡವರೇ ಬರೆಯುವುದು ಇದು. ಮೂರನೆಯದು ಮಾರಿದವರು ಕಳಿಸುವ ಬಿಲ್ಲು.

ದರಕ್ಕೆ ಆರ್ಡರೇ ಸಾಕ್ಷಿ, ಪ್ರಮಾಣಕ್ಕೆ ಚೀಟಿಯೇ ಸಾಕ್ಷಿ. ಬಿಲ್ಲು ಸಾಕ್ಷಿಯಲ್ಲ, ಅದು ಬರೀ ಕೇಳಿಕೆ. ಆದ್ದರಿಂದ ಬಿಲ್ಲಿನ ದರವನ್ನು ಆರ್ಡರಿನ ಜೊತೆ, ಬಿಲ್ಲಿನ ಪ್ರಮಾಣವನ್ನು ಚೀಟಿಯ ಜೊತೆ ಇಟ್ಟು ನೋಡಬೇಕು. ಹೊಂದಿದರೆ ದುಡ್ಡು, ಹೊಂದದಿದ್ದರೆ ಮೊದಲು ಇತ್ಯರ್ಥ.

ನಮ್ಮ ಲೋಡಿನ ಕಥೆ

ಆರ್ಡರಿನಲ್ಲಿ ಬರೆದಿದ್ದು ಇಷ್ಟು: ಬೇವಿನ ಹಿಂಡಿ, 50 ಕಿಲೋ ತೂಕದ 240 ಮೂಟೆ, ಕಿಲೋಗೆ 24 ರೂಪಾಯಿ. ತೆರಿಗೆ, ಲಾರಿ ಬಾಡಿಗೆ ಎಲ್ಲ ಈ ದರದಲ್ಲೇ ಸೇರಿದೆ. ಇಳಿಸಬೇಕಾದ್ದು ರಾಮನಗರದಲ್ಲಿ 80, ಚನ್ನಪಟ್ಟಣದಲ್ಲಿ 60, ಕನಕಪುರದಲ್ಲಿ 60, ಮಾಗಡಿಯಲ್ಲಿ 40 ಮೂಟೆ. ಒಟ್ಟು 2,88,000 ರೂಪಾಯಿ.

ಒಂದೇ ಆರ್ಡರಿಗೆ ಇಳಿಸುವ ಜಾಗ ನಾಲ್ಕಾದರೆ ಚೀಟಿಯೂ ನಾಲ್ಕಾಗುತ್ತದೆ. ಎಡವಟ್ಟು ಆಗುವುದು ಇಲ್ಲೇ. ಚೀಟಿಗಳು ಹೀಗೆ ಬಂದವು. ರಾಮನಗರದ್ದು 80 ಮೂಟೆ. ಚನ್ನಪಟ್ಟಣದಲ್ಲಿ ಬಂದದ್ದು 60, ಅದರಲ್ಲಿ ಮೂರು ನೆನೆದು ಗಂಟುಕಟ್ಟಿ ಬೂಸಲು ಹಿಡಿದಿದ್ದವು. ಅವನ್ನು ಅದೇ ಲಾರಿಗೆ ವಾಪಸು ಹಾಕಿ, ಡ್ರೈವರ್ ಕೈಲಿ ಚೀಟಿಗೆ ಸಹಿ ಮಾಡಿಸಿಕೊಂಡಿದ್ದರು. ಉಳಿದದ್ದು 57. ಕನಕಪುರದಲ್ಲಿ ಎಣಿಸಿದಾಗ ಸಿಕ್ಕಿದ್ದು 58.

ತೂಕಕ್ಕೆ ಪ್ರತಿ ಜಾಗದಲ್ಲೂ ಐದು ಮೂಟೆ ತೂಗಿ, ಖಾಲಿ ಚೀಲದ ತೂಕ ಕಳೆದು ನೋಡುವುದು ನಮ್ಮ ಕ್ರಮ. ಮೂರು ಕಡೆ ಸರಿಯಿತ್ತು. ಮಾಗಡಿಯಲ್ಲಿ ಐದೂ ಹಗುರ ಕಂಡದ್ದರಿಂದ 40 ಮೂಟೆಯನ್ನೂ ತೂಗಿದರು. ಆದದ್ದು 1,920 ಕಿಲೋ, ಇರಬೇಕಾದ್ದು 2,000.

ವಾರದ ಮೇಲೆ ಬಿಲ್ಲು ಬಂತು. 240 ಮೂಟೆ, ಮೂಟೆಗೆ 1,230 ರೂಪಾಯಿ, ಮೇಲೆ ಲಾರಿ ಬಾಡಿಗೆ 4,000. ಒಟ್ಟು 2,99,200. ನಾಲ್ಕು ಚೀಟಿ ಕೂಡಿದರೆ ನಮ್ಮ ಲೆಕ್ಕದಲ್ಲಿ 11,670 ಕಿಲೋ, ಅಂದರೆ 2,80,080 ರೂಪಾಯಿ. ವ್ಯತ್ಯಾಸ 19,120.

ವ್ಯತ್ಯಾಸವನ್ನು ಬಿಡಿಸುವುದು

ಇಡೀ ಮೊತ್ತ ಹಿಡಿದು ಜಗಳಕ್ಕೆ ಹೋದರೆ ಇತ್ಯರ್ಥವಾಗುವುದಿಲ್ಲ. ಒಂದೊಂದು ಕಾರಣಕ್ಕೂ ಒಂದೊಂದು ಸಾಲು ಬರೆಯಬೇಕು:

ದರ ಹೆಚ್ಚು, ಮೂಟೆಗೆ 30 ರೂಪಾಯಿಯಂತೆ: 7,200
ಲಾರಿ ಬಾಡಿಗೆ: 4,000
ವಾಪಸು ಕಳಿಸಿದ 3 ಮೂಟೆ: 3,600
ಕನಕಪುರದಲ್ಲಿ ಕಮ್ಮಿಯಾದ 2 ಮೂಟೆ: 2,400
ಮಾಗಡಿಯ 80 ಕಿಲೋ ತೂಕ: 1,920

ಕೂಡಿದರೆ ಸರಿಯಾಗಿ 19,120. ಹೀಗೆ ಪೈಸೆ ಬಿಡದೆ ಕೂಡಿಬಂದರೆ ಮಾತ್ರ ಎಲ್ಲ ಕಾರಣವೂ ಸಿಕ್ಕಿದೆ ಎಂದರ್ಥ. ದರದ ಸಾಲನ್ನು ಗಮನಿಸಿ. ನಾವು ಕಿಲೋ ಲೆಕ್ಕದಲ್ಲಿ ಕೇಳಿದ್ದೆವು, ಬಿಲ್ಲು ಮೂಟೆ ಲೆಕ್ಕದಲ್ಲಿತ್ತು. ಕಿಲೋಗೆ 60 ಪೈಸೆ ಏರಿದ್ದು ಅದರಲ್ಲಿ ಮರೆಯಾಗಿತ್ತು. ಹೋಲಿಸುವ ಮುಂಚೆ ಎರಡನ್ನೂ ಒಂದೇ ಅಳತೆಗೆ ತರಬೇಕು.

ಯಾರದು ಸರಿ?

ಈ ಪಟ್ಟಿಯನ್ನು ಚೀಟಿಗಳ ನಕಲಿನ ಜೊತೆ ಮಾರಿದವರಿಗೆ ಕಳಿಸಿದೆ. ಬಾಯಿಮಾತಲ್ಲ, ಬರವಣಿಗೆಯಲ್ಲಿ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಬೇಡವೆಂದು ತಿಳಿಸದೆ ಮಾಲನ್ನು ಬಹಳ ದಿನ ಇಟ್ಟುಕೊಂಡರೆ ಒಪ್ಪಿಕೊಂಡಂತೆಯೇ ಆಗುತ್ತದೆ. ಕಮ್ಮಿ ಬಂದ ಮಾಲನ್ನು ಒಪ್ಪಿ ಇಟ್ಟುಕೊಂಡರೆ, ಬಂದಷ್ಟಕ್ಕೆ ಒಪ್ಪಂದದ ದರದಲ್ಲಿ ದುಡ್ಡು ಕೊಡಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ.

'ಆರ್ಡರ್ ಆದ ಮೇಲೆ ರೇಟು ಏರಿತು, ಫೋನಿನಲ್ಲಿ ಹೇಳಿದ್ದೆವಲ್ಲ ಸ್ವಾಮಿ' ಎಂದರು. 'ಯಾರಿಗೆ ಹೇಳಿದಿರಿ? ಆರ್ಡರ್ ತಿದ್ದಿದ ಕಾಗದ ತೋರಿಸಿ' ಎಂದೆ. ಅಂಥ ಕಾಗದ ಇರಲಿಲ್ಲ. ದರ, ಬಾಡಿಗೆ ಎರಡನ್ನೂ ಬಿಟ್ಟರು. ವಾಪಸು ಹೋದ ಮೂಟೆಗೆ ಡ್ರೈವರ್ ಸಹಿ ಇತ್ತು. ಮಾಗಡಿಯ ಮೂಟೆಗಳು ಒಣಗಿ ತೂಕ ಇಳಿದಿವೆ ಎಂದು ವಾದಿಸಿದರು. ದರ ಕಿಲೋ ಲೆಕ್ಕದ್ದಾದ್ದರಿಂದ ತೂಗಿದಷ್ಟಕ್ಕೇ ದುಡ್ಡು ಎಂದು ಒಪ್ಪಿದರು.

ಕನಕಪುರದ ಎರಡು ಮೂಟೆಗೆ ಮಾತ್ರ ಅವರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಲೋಡು ಮಾಡಿದ್ದು 240 ಎಂದು ಪಟ್ಟು ಹಿಡಿದರು. ನಾಲ್ಕೂ ಕಡೆ ದಾಸ್ತಾನು ಮತ್ತೆ ಎಣಿಸಿದಾಗ ರಾಮನಗರದಲ್ಲಿ 82 ಮೂಟೆ ಇದ್ದವು! ಅಲ್ಲಿ ಇಳಿಸಿಕೊಂಡ ಸದಸ್ಯರು ಎಣಿಸದೆ, ಆರ್ಡರಿನಲ್ಲಿದ್ದ 80 ನೋಡಿ ಚೀಟಿ ಬರೆದಿದ್ದರು. ಅಂದರೆ ಆ 2,400 ರೂಪಾಯಿ ಮಾರಿದವರಿಗೆ ನ್ಯಾಯವಾಗಿ ಸಲ್ಲಬೇಕಾದ್ದು. ಆ ಎರಡು ಮೂಟೆ ಕನಕಪುರಕ್ಕೆ ಹೋದವು.

ಈಗ ಇಳಿಸಿಕೊಳ್ಳುವವರಿಗೆ ನಾವು ಕೊಡುವ ಆರ್ಡರಿನ ನಕಲಿನಲ್ಲಿ ಮಾಲಿನ ಹೆಸರು ಮಾತ್ರ ಇರುತ್ತದೆ, ಮೂಟೆಯ ಸಂಖ್ಯೆ ಖಾಲಿ. ಎಣಿಸಿದರೆ ಮಾತ್ರ ತುಂಬಲು ಸಾಧ್ಯ.

ದುಡ್ಡು ಕೊಟ್ಟದ್ದು

ಕಡೆಗೆ ಇಳಿದದ್ದು 16,720 ರೂಪಾಯಿ. ಹಳೇ ಬಿಲ್ಲಿನ ಮೇಲೆ ಗೀಟು ಹಾಕಿ ತಿದ್ದುವುದಕ್ಕೆ ನಾವು ಒಪ್ಪಲಿಲ್ಲ. ಜಿಎಸ್‌ಟಿ ಕಾಯ್ದೆಯಲ್ಲಿ ಇದಕ್ಕೆಂದೇ ಕ್ರೆಡಿಟ್ ನೋಟ್ ಇದೆ. ಮೂಲ ಬಿಲ್ಲಿನ ನಂಬರು, ತಾರೀಕು ನಮೂದಿಸಿ ಅವರು ಅದನ್ನು ಕೊಟ್ಟರು. ಅದು ಕೈಗೆ ಬಂದ ಮೇಲೆ 2,82,480 ರೂಪಾಯಿ ಕೊಟ್ಟೆವು. ಒಪ್ಪಿದ 11,770 ಕಿಲೋವನ್ನು 24ರಿಂದ ಗುಣಿಸಿ ನೋಡಿ, ಅಷ್ಟೇ ಬರುತ್ತದೆ.

ಕೂಡಲೇ ನಾಲ್ಕೂ ಚೀಟಿಯ ಮೇಲೆ ಬಿಲ್ಲಿನ ನಂಬರು ಬರೆದು 'ಪಾವತಿಯಾಗಿದೆ' ಎಂದು ಗುರುತು ಹಾಕಿದೆ. ಅದೇ ಮಾಲಿಗೆ ಇನ್ನೊಂದು ಬಿಲ್ಲು ಬಂದರೆ ಹೊಂದಿಸಲು ಖಾಲಿ ಚೀಟಿ ಇರುವುದಿಲ್ಲ, ಸಿಕ್ಕಿಬೀಳುತ್ತದೆ. ನೂರು ರೂಪಾಯಿಯೊಳಗಿನ ವ್ಯತ್ಯಾಸಕ್ಕೆ ನಾವು ಬಿಲ್ಲು ತಡೆಯುವುದಿಲ್ಲ. ಓಡಾಟದ ಖರ್ಚೇ ಅದಕ್ಕಿಂತ ಹೆಚ್ಚು. ಈ ಮಿತಿಯನ್ನು ಸಭೆಯಲ್ಲಿ ಬರೆದಿಟ್ಟಿದ್ದೇವೆ.

ಈ ಕ್ರಮಕ್ಕೂ ಒಂದು ಮಿತಿ ಇದೆ. ಹಿಂಡಿಯಲ್ಲಿ ಹೊಟ್ಟು ಬೆರೆಸಿದ್ದರೆ ಕಾಗದ ಹೇಳುವುದಿಲ್ಲ, ಅದಕ್ಕೆ ಪರೀಕ್ಷೆಯೇ ಬೇಕು. ಇನ್ನು ಆರ್ಡರು ಬರೆಯುವವರು, ಮಾಲು ಇಳಿಸಿಕೊಳ್ಳುವವರು, ದುಡ್ಡು ಕೊಡುವವರು ಒಬ್ಬರೇ ಆದರೆ ಮೂರು ಕಾಗದವೂ ಒಂದೇ ಕೈಬರಹ. ಅಲ್ಲಿ ಹೊಂದಿಸಿ ನೋಡಲು ಏನೂ ಉಳಿಯುವುದಿಲ್ಲ.