ಎರಡು ಬ್ಯಾಟರಿ: ಸೀರೀಸಾ, ಪ್ಯಾರಲಲ್ಲಾ?

ಬಳ್ಳಾರಿ ಕಡೆ ಬೇಸಿಗೇಲಿ ರಾತ್ರಿ ಫ್ಯಾನ್ ನಿಂತ್ರೆ ನಿದ್ದೆ ಮುಗೀತು. ಸಿರುಗುಪ್ಪದ ಗೆಳೆಯನ ಮನೇಲಿ 12 ವೋಲ್ಟ್, 150 ಆಂಪಿಯರ್-ಅವರ್‌ನ ಎರಡು ಬ್ಯಾಟರಿ ಇವೆ. ಸೀರೀಸ್‌ನಲ್ಲಿ ಜೋಡಿಸಿದ್ರೆ 24 ವೋಲ್ಟ್, 150 ಆಂಪಿಯರ್-ಅವರ್. ಪ್ಯಾರಲಲ್‌ನಲ್ಲಿ 12 ವೋಲ್ಟ್, 300. ಹೇಗೆ ಜೋಡಿಸಿದರೂ ಶಕ್ತಿ 3600 ವ್ಯಾಟ್-ಅವರ್ ಮಾತ್ರ. ಯಾವುದು ಬೇಕು ಅಂತ ಹೇಳೋದು ಇನ್ವರ್ಟರ್. ಅವರದು 24 ವೋಲ್ಟಿನದು, ಹಾಗಾಗಿ ಸೀರೀಸ್.

ಮೂರು ಫ್ಯಾನ್, ಮೂರು ಎಲ್‌ಇಡಿ ಬಲ್ಬ್ ಸೇರಿ 240 ವ್ಯಾಟ್. ಇನ್ವರ್ಟರ್ ದಕ್ಷತೆ ಶೇ. 80 ಅಂದ್ಕೊಂಡ್ರೆ ಬ್ಯಾಟರಿಯಿಂದ ಹೋಗೋದು 300 ವ್ಯಾಟ್, ಅಂದ್ರೆ 12.5 ಆಂಪಿಯರ್. 150ನ್ನು ಅದರಿಂದ ಭಾಗಿಸಿದರೆ 12 ಗಂಟೆ. ಆದರೆ 150 ಅನ್ನೋದು 20 ಗಂಟೆ ನಿಧಾನವಾಗಿ, 7.5 ಆಂಪಿಯರ್‌ನಂತೆ ಎಳೆದಾಗ ಸಿಗೋ ಲೆಕ್ಕ. ಜಾಸ್ತಿ ಎಳೆದರೆ ಕಡಿಮೆ ಸಿಗುತ್ತೆ; ಪೂರ್ತಿ ಖಾಲಿ ಮಾಡಿದರೆ ಬ್ಯಾಟರಿ ಬೇಗ ಹಾಳಾಗುತ್ತೆ. ಅದಕ್ಕೇ ನಾವು ಶೇ. 70 ಹಿಡಿದ್ವಿ: ಸುಮಾರು 8 ಗಂಟೆ.

ಸಿಕ್ಕಿದ್ದು ಮೂರೇ ಗಂಟೆ! ಮರುದಿನ ಲೋ ಬ್ಯಾಟರಿ ಬೀಪ್ ಶುರುವಾದಾಗ, ಲೋಡ್ ಇರುವಾಗಲೇ, ಮಲ್ಟಿಮೀಟರ್‌ನಲ್ಲಿ ಒಂದೊಂದನ್ನೇ ಅಳೆದ್ವಿ. ಒಂದು 12.1 ವೋಲ್ಟ್, ಇನ್ನೊಂದು 8.9. ಮೊದಲನೇದು ಹೊಸದು, ಎರಡನೇದು ನಾಲ್ಕು ವರ್ಷದ್ದು. ಸೀರೀಸ್‌ನಲ್ಲಿ ಎರಡರಲ್ಲೂ ಒಂದೇ ಕರೆಂಟ್ ಹರಿಯುತ್ತೆ. ಹಳೇದು ಮೊದಲು ಸೋತಿತು, ಒಟ್ಟು ವೋಲ್ಟೇಜ್ 21ಕ್ಕೆ ಇಳೀತು, ಇನ್ವರ್ಟರ್ ಕಟ್. ಹೊಸದರಲ್ಲಿ ಚಾರ್ಜ್ ಇನ್ನೂ ಇತ್ತು, ಆದರೆ ಬಳಸೋಕೆ ಆಗ್ಲಿಲ್ಲ. ಒಂದೇ ಬ್ಯಾಟರಿ ಬದಲಿಸಿ ಉಳಿಸಿದ್ದ ದುಡ್ಡು ಅಲ್ಲಿಗೇ ಹೋಯ್ತು.