ಕೊಬ್ಬರಿ ಮಂಡಿಯಿಂದ ಇಆರ್‌ಪಿಗೆ: ಬಿ.ಕಾಂ. ಮುಗಿಸಿದವರಿಗೆ ಆರು ತಿಂಗಳ ಓದು

ಕಂಪನಿಯ ಖರೀದಿ, ಗೋದಾಮು, ಮಾರಾಟ, ಲೆಕ್ಕ ಎಲ್ಲವನ್ನೂ ಒಂದೇ ತಂತ್ರಾಂಶದಲ್ಲಿ ಹೆಣೆಯುವುದು ಇಆರ್‌ಪಿ. ವ್ಯಾಪಾರಿಯ ಕೆಲಸ ನಡೆಯುವ ರೀತಿಯನ್ನು ಕೇಳಿ ತಿಳಿದು, ಅದಕ್ಕೆ ತಕ್ಕಂತೆ ತಂತ್ರಾಂಶವನ್ನು ಹೊಂದಿಸುವವರು ಫಂಕ್ಷನಲ್ ಕನ್ಸಲ್ಟೆಂಟ್. ಇವರು ಕೋಡ್ ಬರೆಯಬೇಕಿಲ್ಲ; ಡೆಬಿಟ್ ಕ್ರೆಡಿಟ್ ಮಾತ್ರ ತಪ್ಪಬಾರದು. ಅದಕ್ಕೇ ಅರಸೀಕೆರೆ, ಬೇಲೂರು ಕಡೆಯ ಬಿ.ಕಾಂ. ಪದವೀಧರರು ಕೋಚಿಂಗ್ ಶುಲ್ಕ ಕಟ್ಟುವ ಮೊದಲು ಊರಿನ ಅಂಗಡಿ, ಮಂಡಿಗಳನ್ನೇ ಓದಬಹುದು.

ಮೊದಲ ತಿಂಗಳು ಕಂಪ್ಯೂಟರ್ ಬದಿಗಿರಲಿ. ಗುರುತಿನ ಲೆಕ್ಕಿಗರ ಕಚೇರಿಯಲ್ಲಿ ಕುಳಿತು ನಿಜವಾದ ಬಿಲ್, ಜಿಎಸ್‌ಟಿ, ಟಿಡಿಎಸ್, ಬ್ಯಾಂಕ್ ತಾಳೆ ನೋಡಿ. ಎರಡನೇ ತಿಂಗಳು ಮುಂಬೈನ ಫ್ರಾಪ್ಪೆ ಸಂಸ್ಥೆಯ ಇಆರ್‌ಪಿನೆಕ್ಸ್ಟ್ ಹಾಕಿಕೊಳ್ಳಿ. ಮುಕ್ತ ತಂತ್ರಾಂಶವಾದ್ದರಿಂದ ಪರವಾನಗಿ ಶುಲ್ಕವಿಲ್ಲ. ಜಿಎಸ್‌ಟಿಗೆ `India Compliance` ಆ್ಯಪ್ ಸೇರಿಸಬೇಕು. ಅದರಲ್ಲಿ ಕಲ್ಪನೆಯ ಒಂದು ಕೊಬ್ಬರಿ ವ್ಯಾಪಾರ ಸಂಸ್ಥೆ ತೆರೆದು ಖಾತೆಗಳು, ಸರಕು, ಗೋದಾಮು, ಸರಬರಾಜುದಾರರನ್ನು ನೀವೇ ಸೃಷ್ಟಿಸಿ.

ಮೂರನೇ ತಿಂಗಳು ಪೂರ್ತಿ ಖರೀದಿಗೆ. ಆತುರ ಬೇಡ, ಸಂದರ್ಶನದಲ್ಲಿ ಹೆಚ್ಚು ಕೆದಕುವುದೂ ಇದನ್ನೇ. ಅರಸೀಕೆರೆಯ ವರ್ತಕರೊಬ್ಬರು ಜಿಎಸ್‌ಟಿ ನೋಂದಣಿಯಿರುವ ವ್ಯಾಪಾರಿಗೆ 100 ಕ್ವಿಂಟಲ್ ಕೊಬ್ಬರಿಗೆ ಆರ್ಡರ್ ಕೊಟ್ಟರು ಎನ್ನಿ. ದರ ಕ್ವಿಂಟಲ್‌ಗೆ 15,000 ರೂಪಾಯಿ ಎಂದಿಟ್ಟುಕೊಳ್ಳೋಣ. ಲಾರಿ ಬಂದಾಗ ತೂಗಿದ್ದು 98 ಕ್ವಿಂಟಲ್. `Purchase Receipt` ದಾಖಲಿಸಿದ ಕ್ಷಣ ದಾಸ್ತಾನು ಖಾತೆಗೆ 14,70,000 ಡೆಬಿಟ್, `Stock Received But Not Billed` ಖಾತೆಗೆ ಅಷ್ಟೇ ಕ್ರೆಡಿಟ್. ಮಾಲು ಬಂದಿದೆ, ಬಿಲ್ ಬಂದಿಲ್ಲ ಎನ್ನುವುದನ್ನು ಈ ಖಾತೆ ಹಿಡಿದಿಟ್ಟುಕೊಳ್ಳುತ್ತದೆ.

ವಾರದ ಬಳಿಕ ಬಿಲ್ ಬಂತು, 100 ಕ್ವಿಂಟಲ್‌ಗೆ: 15 ಲಕ್ಷ, ಮೇಲೆ ಶೇ 5 ಜಿಎಸ್‌ಟಿ 75,000. ರಸೀದಿಗೆ ಜೋಡಿಸಿ ದಾಖಲಿಸಲು ಹೋದರೆ, ಹೆಚ್ಚುವರಿ ಬಿಲ್ಲಿಗೆ ಅನುಮತಿ ಕೊಟ್ಟಿರದಿದ್ದರೆ, ತಂತ್ರಾಂಶ ತಡೆಯುತ್ತದೆ. ಅವಸರದ ಗುಮಾಸ್ತ ಜೋಡಣೆ ಬಿಡಿಸಿ ನೇರವಾಗಿ ಬಿಲ್ ಹಾಕುತ್ತಾನೆ. ಬಿಲ್ ಏನೋ ಒಳಗೆ ಹೋಯಿತು, ಆದರೆ ಆ ಖಾತೆಯಲ್ಲಿ 30,000 ಡೆಬಿಟ್ ಉಳಿಯಿತು. ಬಾರದ ಎರಡು ಕ್ವಿಂಟಲ್ಲಿನ ಬೆಲೆ ಅದು. ವ್ಯಾಪಾರಿಯಿಂದ 30,000 ಮತ್ತು 1,500 ಜಿಎಸ್‌ಟಿಗೆ ಕ್ರೆಡಿಟ್ ನೋಟ್ ಪಡೆದು, ನಮ್ಮ ಪುಸ್ತಕದಲ್ಲಿ ಡೆಬಿಟ್ ನೋಟ್ ಹಾಕಿದರೆ ಖಾತೆ ಸೊನ್ನೆಯಾಗುತ್ತದೆ. ತಿಂಗಳ ಕೊನೆಗೆ ಅದರಲ್ಲಿ ಬಾಕಿ ಇದ್ದರೆ, ಯಾವ ಲಾರಿಯದು, ಯಾವ ಬಿಲ್ಲಿನದು ಎಂದು ಹೇಳಲು ನಿಮಗೆ ಬರಬೇಕು.

ನಾಲ್ಕನೇ ತಿಂಗಳು ಹಳೆಯ ಲೆಕ್ಕವನ್ನು ಹೊಸ ವ್ಯವಸ್ಥೆಗೆ ತರುವ ಕೆಲಸ. ಹಳೇಬೀಡಿನ ಗೊಬ್ಬರದಂಗಡಿಯೊಂದರ ದಾಸ್ತಾನು ಪಟ್ಟಿ ಮಾದರಿಗೆ ಸಾಕು. ಅಂಗಡಿಯವರು ಎಲ್ಲವನ್ನೂ ಮೂಟೆಯಲ್ಲೇ ಎಣಿಸುತ್ತಾರೆ. ಆದರೆ ಯೂರಿಯಾ ಮೂಟೆ 45 ಕಿಲೋ, ಡಿಎಪಿ 50. ಎಲ್ಲಕ್ಕೂ 50 ಎಂದೇ `Conversion Factor` ಹಾಕಿದರೆ ನೂರು ಮೂಟೆ ಯೂರಿಯಾದಲ್ಲಿ ಇಲ್ಲದ 500 ಕಿಲೋ ಹುಟ್ಟಿಕೊಳ್ಳುತ್ತದೆ.

ಐದನೇ ತಿಂಗಳು ಎಸ್‌ಎಪಿಯ ಭಾಷೆ. ಅದರ ಜಾಲತಾಣ `learning.sap.com`ನಲ್ಲಿ ಉಚಿತ ಪಾಠಗಳಿವೆ. ಕೊಬ್ಬರಿಯ ಕಥೆಯನ್ನೇ ಅಲ್ಲಿ ಹುಡುಕಿ: ಮಾಲಿನ ರಸೀದಿ `MIGO`, ಬಿಲ್ `MIRO`, ನಡುವಿನ ಖಾತೆ `GR/IR`. ಯಾವ ಸರಕಿಗೆ ಯಾವ ಖಾತೆ ತಾನಾಗಿ ಬೀಳಬೇಕೆಂದು ಹೇಳುವ ಜಾಗ `OBYC`. ನೂರಾರು ಕೋಡ್ ಉರುಹೊಡೆಯುವುದು ವ್ಯರ್ಥ.

ಕೊನೆಯ ತಿಂಗಳು ಬರವಣಿಗೆ. ಬೇಲೂರು ಸೀಮೆಯ ಕಾಫಿ ವ್ಯಾಪಾರ ಇದಕ್ಕೆ ಒಳ್ಳೆಯ ಪರೀಕ್ಷೆ. 50 ಕಿಲೋ ಚೆರ್ರಿ ಮೂಟೆಯಲ್ಲಿ ಎಷ್ಟು ಕಿಲೋ ಬೇಳೆ ಸಿಗುತ್ತದೆ ಎಂಬ ಔಟ್‌ಟರ್ನ್ ಮೇಲೆ ಬೆಲೆ ನಿಲ್ಲುತ್ತದೆ. ಬೇಳೆಯ ದರ ಕಿಲೋಗೆ 400 ರೂಪಾಯಿ ಎಂದಿಟ್ಟರೆ, ಔಟ್‌ಟರ್ನ್ 26 ಬಂದ ಮೂಟೆಗೆ 10,400. 25 ಬಂದರೆ 10,000. ಮಾಲು ಗೋದಾಮಿಗೆ ಇಳಿದಾಗ ಮಾದರಿ ಪರೀಕ್ಷೆ ಮುಗಿದಿರದಿದ್ದರೆ ಯಾವ ದರಕ್ಕೆ ದಾಖಲಿಸುವುದು? ತಂತ್ರಾಂಶದಲ್ಲಿ ಔಟ್‌ಟರ್ನ್ ಎಂಬ ಅಂಕಣವೂ ಸಿದ್ಧವಾಗಿರುವುದಿಲ್ಲ. ಈಗಿನ ಪದ್ಧತಿ, ಕೊರತೆ, ನಿಮ್ಮ ಪರಿಹಾರ, ಅದನ್ನು ಪರೀಕ್ಷಿಸುವ ಹೆಜ್ಜೆ, ಇಷ್ಟನ್ನು ಎರಡು ಪುಟಗಳಲ್ಲಿ ಬರೆಯಿರಿ. ಪ್ರಮಾಣಪತ್ರಕ್ಕಿಂತ ಈ ಎರಡು ಪುಟಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಆರು ತಿಂಗಳಿಗೆ ಕನ್ಸಲ್ಟೆಂಟ್ ಹುದ್ದೆಯೇ ಸಿಗುವುದು ಅಪರೂಪ. ಇಂಪ್ಲಿಮೆಂಟೇಶನ್ ಟ್ರೈನಿ, ಸಪೋರ್ಟ್ ಡೆಸ್ಕ್ ಅಥವಾ ಇಆರ್‌ಪಿ ಬಳಸುವ ಕಾರ್ಖಾನೆಯ ಲೆಕ್ಕ ವಿಭಾಗಕ್ಕೆ ಅರ್ಜಿ ಹಾಕಿ. ಮೂರು ವರ್ಷದ ಅನುಭವ ‘ಮಾಡಿಸಿಕೊಡುತ್ತೇವೆ’ ಎನ್ನುವ ತರಬೇತಿ ಕೇಂದ್ರಗಳಿಗೆ ಹಣ ಕೊಡಬೇಡಿ. ಕಂಪನಿಗಳು ಭವಿಷ್ಯ ನಿಧಿಯ ಸೇವಾ ದಾಖಲೆ ತೆಗೆದು ನೋಡುತ್ತವೆ, ಸುಳ್ಳು ಅನುಭವ ಅಲ್ಲಿ ಸಿಕ್ಕಿಬೀಳುತ್ತದೆ.