ಎಲ್ಲವೂ ‘ಬೇಕೇಬೇಕು’ ಎಂದರೆ ಯಾವುದನ್ನು ಬಿಡಲಿ?

ಪ್ರಶ್ನೆ: ಮೈಸೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನಾಲ್ವರು ಡೆವಲಪರ್‌ಗಳ ತಂಡವನ್ನು ನಾನು ನೋಡಿಕೊಳ್ಳುತ್ತೇನೆ. ಖಾಸಗಿ ಕಾಲೇಜೊಂದಕ್ಕೆ ಪ್ರವೇಶಾತಿಯ ಸಾಫ್ಟ್‌ವೇರ್ ಮಾಡಿಕೊಡಬೇಕು. ಜೂನ್ 1ಕ್ಕೆ ಅರ್ಜಿ ಶುರುವಾಗುತ್ತದೆ, ದಿನ ಮುಂದೂಡುವಂತಿಲ್ಲ. ಹಣವೂ ಅಷ್ಟೇ. ಹತ್ತು ವಾರ ಉಳಿದಿದೆ. ಕೆಲಸಗಳಿಗೆ ಮಸ್ಟ್, ಶುಡ್, ಕುಡ್ ಎಂದು ಗುರುತು ಹಾಕು ಎಂದು ನಮ್ಮ ಮ್ಯಾನೇಜರ್ ಹೇಳಿದರು. ಕಾಲೇಜಿನವರು ಹನ್ನೊಂದಕ್ಕೆ ಹನ್ನೊಂದಕ್ಕೂ ‘ಮಸ್ಟ್’ ಎಂದು ಬರೆದು ಕಳಿಸಿದ್ದಾರೆ. ಯಾವುದನ್ನಾದರೂ ಕೆಳಗಿಳಿಸಿದರೆ ಅವರಿಗೆ ಮೋಸ ಮಾಡಿದಂತೆ ಅನಿಸುತ್ತದೆ. ಇಳಿಸದಿದ್ದರೆ ನನ್ನ ಹುಡುಗರಿಗೆ ಮೋಸ. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ನಿಮ್ಮ ಪತ್ರದ ಜೊತೆಗಿದ್ದ ಪಟ್ಟಿಯನ್ನೂ ನೋಡಿದೆ. ಎರಡೂ ಕಡೆಯವರಿಗೆ ನ್ಯಾಯವಾಗಬೇಕು ಎಂದು ಹಂಬಲಿಸುವವರಿಗೇ ಇಂಥ ಸಂಕಟ ಬರುವುದು. ನಿಮ್ಮದು ಅಸಾಮರ್ಥ್ಯವಲ್ಲ. ಇಂಥ ಪಟ್ಟಿ ಹಿಡಿದುಕೊಂಡು ಈ ಹೊತ್ತಿಗೂ ಯಾರೋ ಒಬ್ಬರು ಎದ್ದು ಕೂತಿರುತ್ತಾರೆ, ಈ ಉತ್ತರ ಅವರಿಗೂ ಇರಲಿ.

ಕಾಲೇಜಿನವರ ಮೇಲೂ ಕೋಪ ಬೇಡ. ‘ಕುಡ್’ ಎಂದು ಒಪ್ಪಿಕೊಂಡರೆ ಅದು ಎಂದೆಂದಿಗೂ ಸಿಗುವುದಿಲ್ಲ ಎಂದು ಅವರಿಗೆ ಭಯ. ಆ ಭಯಕ್ಕೆ ಕಾರಣವೂ ಇದೆ: ಇಂಥ ಗುರುತುಗಳನ್ನು ಎಷ್ಟೋ ಕಡೆ ಕೆಲಸ ಕೈಬಿಡಲು ನೆಪವಾಗಿ ಬಳಸುತ್ತಾರೆ. ಈ ಪದ್ಧತಿ ಹುಟ್ಟಿದ್ದು ಅದಕ್ಕಲ್ಲ. 1994ರಲ್ಲಿ ಒರಾಕಲ್ ಕಂಪನಿಯ ಬ್ರಿಟನ್ ಶಾಖೆಯಲ್ಲಿದ್ದ ಡೈ ಕ್ಲೆಗ್ ಎಂಬುವರು ಇದನ್ನು ರೂಪಿಸಿದರು. ಆಮೇಲೆ ಡಿಎಸ್‌ಡಿಎಂ ಎಂಬ ಯೋಜನಾ ಪದ್ಧತಿ ಅದನ್ನು ತನ್ನದಾಗಿಸಿಕೊಂಡಿತು. ಅದರ ಲೆಕ್ಕಾಚಾರದಲ್ಲಿ ದಿನ, ಹಣ, ಗುಣಮಟ್ಟ ಈ ಮೂರೂ ಅಲುಗುವುದಿಲ್ಲ. ಅಲುಗುವುದು ಏನೇನು ಮಾಡಿಕೊಡುತ್ತೇವೆ ಎಂಬುದೊಂದೇ. ನಿಮ್ಮಲ್ಲಿ ದಿನವೂ ಹಣವೂ ಹೇಗೂ ಕಟ್ಟಿಹಾಕಿದಂತಿವೆ. ಈಗ ಕೆಲಸವನ್ನೂ ಕಟ್ಟಿಹಾಕಿದರೆ ಒಳಗೊಳಗೇ ಸಡಿಲವಾಗುವುದು ಗುಣಮಟ್ಟ. ಪರೀಕ್ಷೆ ಮಾಡದೆಯೇ ಜೂನ್ 1ರ ಬೆಳಿಗ್ಗೆ ತೆರೆದ ಪ್ರವೇಶಾತಿ ಪುಟ ಹತ್ತು ಗಂಟೆಗೆ ಕೈಕೊಟ್ಟರೆ, ಅದೇ ನಿಜವಾದ ಮೋಸ. ಗುರುತು ಹಾಕುವುದೆಂದರೆ ಅವರಿಗೆ ಒಂದಿಷ್ಟನ್ನು ಖಚಿತವಾಗಿ ಕೊಡುತ್ತೇವೆಂದು ಮಾತು ಕೊಡುವುದು. ಹನ್ನೊಂದೂ ಮಸ್ಟ್ ಆಗಿರುವಾಗ ಅಂಥ ಮಾತು ಕೊಡಲು ನಿಮ್ಮ ಬಳಿ ಏನೂ ಇರುವುದಿಲ್ಲ.

ಮೊದಲು ನಿಮ್ಮ ಕೈಯಲ್ಲಿರುವುದೆಷ್ಟು ನೋಡೋಣ. ನಾಲ್ವರು, ಹತ್ತು ವಾರ, ವಾರಕ್ಕೆ ಐದು ದಿನ: ಒಟ್ಟು 200 ಮ್ಯಾನ್-ಡೇ. ನೀವೇ ಅಂದಾಜು ಮಾಡಿದ ಹನ್ನೊಂದು ಕೆಲಸ ಸೇರಿದರೆ 230. ಯಾರೂ ರಜೆ ಹಾಕದೆ, ಯಾರಿಗೂ ಜ್ವರ ಬಾರದೆ ಇದ್ದರೂ ಹಿಡಿಸುವುದಿಲ್ಲ. ಇದು ನಿಮ್ಮ ಶ್ರಮದ ಕೊರತೆಯಲ್ಲ, ಬರೀ ಕೂಡುವ ಲೆಕ್ಕ. ಸಭೆಯಲ್ಲಿ ಮೊದಲು ಇದನ್ನೇ ಇಡಿ, ದನಿ ಏರಿಸದೆ.

ಆಮೇಲೆ ಒಂದೊಂದು ಕೆಲಸಕ್ಕೂ ಒಂದೇ ಪ್ರಶ್ನೆ ಕೇಳಿ. ‘ಇದು ಮುಖ್ಯವೇ?’ ಎಂದು ಕೇಳಬೇಡಿ, ಎಲ್ಲದಕ್ಕೂ ಹೌದು ಎನ್ನುತ್ತಾರೆ. ‘ಜೂನ್ 1ರ ಬೆಳಿಗ್ಗೆ ಇದೊಂದು ಇಲ್ಲ ಅಂದುಕೊಳ್ಳೋಣ, ಆಗ ಏನು ಮಾಡುತ್ತೀರಿ?’ ಎಂದು ಕೇಳಿ. ‘ಪ್ರವೇಶಾತಿಯನ್ನೇ ಶುರುಮಾಡಲು ಆಗುವುದಿಲ್ಲ’ ಎಂದರೆ, ಅಥವಾ ಅದಿಲ್ಲದೆ ನಡೆಸುವುದು ಕಾನೂನಿಗೆ ವಿರುದ್ಧ ಎಂದರೆ ಅದು ಮಸ್ಟ್. ‘ಒಂದಷ್ಟು ದಿನ ಕೈಯಲ್ಲೇ ಬರೆದುಕೊಳ್ಳಬೇಕಾಗುತ್ತದೆ, ಕಷ್ಟ’ ಎಂದರೆ ಶುಡ್. ‘ಇದ್ದಿದ್ದರೆ ಚೆನ್ನಾಗಿತ್ತು’ ಎಂದರೆ ಕುಡ್. ಒರಟಾದರೂ ಸರಿ, ಬೇರೊಂದು ದಾರಿ ಇದೆಯೆಂದರೆ ಅದು ಮಸ್ಟ್ ಅಲ್ಲ.

ಈ ಪ್ರಶ್ನೆ ಕೇಳುವಾಗ ಒಂದು ವಿಷಯ ಬಯಲಾಗುತ್ತದೆ. ನಿಮ್ಮ ಪಟ್ಟಿಯ ಸಾಲುಗಳು ತೀರಾ ದಪ್ಪ. ‘ಅರ್ಜಿ ಮತ್ತು ದಾಖಲೆಗಳು, 30 ದಿನ’ ಎಂದಿದೆ. ಅದನ್ನು ಸೀಳಿ. ಅರ್ಜಿ ನಮೂನೆಗೆ 20 ದಿನ, ಅದು ಮಸ್ಟ್. ಅಂಕಪಟ್ಟಿಯ ಸ್ಕ್ಯಾನ್ ಪ್ರತಿ ಹಾಕುವುದಕ್ಕೆ 10 ದಿನ. ಹೇಗೂ ಮೂಲ ದಾಖಲೆ ಹಿಡಿದುಕೊಂಡು ಹುಡುಗರು ಕೌಂಟರಿಗೆ ಬರಲೇಬೇಕಲ್ಲ, ಹಾಗಾಗಿ ಅದು ಶುಡ್. ಮೆರಿಟ್ ಪಟ್ಟಿಯೂ ಹಾಗೇ: ಮೀಸಲಾತಿ ಸಹಿತ ಮೊದಲ ಪಟ್ಟಿಗೆ 28 ದಿನ, ಮಸ್ಟ್, ಎರಡನೆಯ ಸುತ್ತಿನ ಪಟ್ಟಿ ತಾನೇ ತಯಾರಾಗುವುದಕ್ಕೆ 12 ದಿನ, ಅದಿಲ್ಲದಿದ್ದರೆ ಗುಮಾಸ್ತರು ಎಕ್ಸೆಲ್‌ನಲ್ಲಿ ಮಾಡಿಯಾರು, ಶುಡ್. ದಾಖಲೆ ಪರಿಶೀಲನೆಯಲ್ಲಿ ‘ನೋಡಿ ಒಪ್ಪಿದೆ’ ಎಂದು ಗುರುತು ಹಾಕುವ ಭಾಗ 8 ದಿನ, ಮಸ್ಟ್. ಯಾರು ಯಾವಾಗ ಏನು ತಿದ್ದಿದರು ಎಂಬ ಪೂರ್ತಿ ಇತಿಹಾಸಕ್ಕೆ ಇನ್ನೂ 12 ಬೇಕು. ಒಂದು ಸಾಲು ಇಡಿಯಾಗಿ ಮಸ್ಟ್ ಆಗುವುದು ಅಪರೂಪ. ಸೀಳಿದರೆ ಜಗಳ ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ ಯಾರೂ ತಮ್ಮ ಬೇಡಿಕೆಯನ್ನು ಪೂರ್ತಿ ಬಿಟ್ಟುಕೊಡಬೇಕಾಗುವುದಿಲ್ಲ.

ಶುಲ್ಕದ ವಿಚಾರದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಆನ್‌ಲೈನ್ ಪಾವತಿ ಇಲ್ಲದಿದ್ದರೆ ಬ್ಯಾಂಕ್ ಚಲನ್ ಇದೆಯಲ್ಲ, ಆದ್ದರಿಂದ ಶುಡ್ ಎಂದು ಪಟ್ಟಿಯಲ್ಲಿ ನೀವು ಬರೆದಿದ್ದೀರಿ. ಆದರೆ ಹಳ್ಳಿಯಿಂದ ಬರುವ ವಿದ್ಯಾರ್ಥಿಗಳೇ ಹೆಚ್ಚು, ಬ್ಯಾಂಕ್ ಶಾಖೆ ದೂರ, ಹೋದ ವರ್ಷ ಸರತಿಯಲ್ಲಿ ನಿಂತು ಸೀಟು ಕಳೆದುಕೊಂಡವರಿದ್ದಾರೆ ಎಂದು ಅದೇ ಪಟ್ಟಿಯಲ್ಲಿ ಹೇಳುತ್ತೀರಿ. ಆ ಚಲನ್ ದಾರಿ ನಿಜಕ್ಕೂ ದಾರಿಯೇ ಎಂಬುದನ್ನು ತೀರ್ಮಾನಿಸಬೇಕಾದವರು ನೀವಲ್ಲ, ನಿಮ್ಮ ಡೆವಲಪರ್‌ಗಳೂ ಅಲ್ಲ. ಕಾಲೇಜಿನ ಕಡೆಯಿಂದ ಅಧಿಕಾರವುಳ್ಳ ಒಬ್ಬರು, ಪ್ರಾಂಶುಪಾಲರೋ ಕಚೇರಿ ಅಧೀಕ್ಷಕರೋ, ಹೇಳಬೇಕು. ಐವರು ಐದು ಗುರುತು ಹಾಕಿದರೆ ಉಪಯೋಗವಿಲ್ಲ. ಅವರು ಮಸ್ಟ್ ಎಂದರೆ ಸರಳ ಪಾವತಿಯನ್ನು 20 ದಿನಕ್ಕೆ ಮಸ್ಟ್‌ನಲ್ಲಿ ಇಡಿ, ಕಂತು ಮತ್ತು ಮರುಪಾವತಿಯ 15 ದಿನವನ್ನು ಕುಡ್‌ಗೆ ಕಳಿಸಿ.

ಹೀಗೆ ಮುಗಿಸಿದರೆ ರಸೀದಿ ಮತ್ತು ದಿನದ ಲೆಕ್ಕದ 15 ದಿನ, ಸಿಬ್ಬಂದಿ ಲಾಗಿನ್ ಮತ್ತು ಬ್ಯಾಕಪ್‌ನ 15 ದಿನ ಸೇರಿ ಮಸ್ಟ್ ಒಟ್ಟು 106 ಆಗುತ್ತದೆ. ದಾಖಲೆ ಹಾಕುವುದು, ಎರಡನೆಯ ಸುತ್ತು, ಕನ್ನಡ ನಮೂನೆ, ಎಸ್‌ಎಂಎಸ್ ಸೇರಿ ಶುಡ್ 44. ಪ್ರಾಂಶುಪಾಲರ ಡ್ಯಾಶ್‌ಬೋರ್ಡ್, ಗುರುತಿನ ಚೀಟಿ ಮುದ್ರಣ, ಕಂತು-ಮರುಪಾವತಿ ಸೇರಿ ಕುಡ್ 40. (ಕನ್ನಡ ನಮೂನೆ ಶುಡ್‌ನಲ್ಲಿರುವುದು ನನಗೂ ಚುಚ್ಚುತ್ತದೆ. ಕೌಂಟರಿನಲ್ಲಿ ತುಂಬಿಕೊಡಲು ಒಬ್ಬರನ್ನು ಕೂರಿಸುತ್ತಾರೆ ಎಂಬ ಕಾರಣಕ್ಕಷ್ಟೇ ಒಪ್ಪಿದ್ದೇನೆ. ಶುಡ್‌ನಲ್ಲಿ ಮೊದಲು ಕೈಗೆತ್ತಿಕೊಳ್ಳುವುದು ಅದೇ ಆಗಲಿ.) ಹಾಸ್ಟೆಲ್ ಕೋಣೆ ಹಂಚಿಕೆಯ 28 ಮತ್ತು ತಿದ್ದುಪಡಿ ಇತಿಹಾಸದ 12 ದಿನಕ್ಕೆ ನಾಲ್ಕನೆಯ ಗುರುತು ಹಾಕಿ: ‘ಈ ಸಲ ಇಲ್ಲ’. ಬಹಳ ಜನ ಇದನ್ನು ಬರೆಯುವುದೇ ಇಲ್ಲ, ಮಾತಿನಲ್ಲಿ ತೇಲಿಸಿಬಿಡುತ್ತಾರೆ. ಬರೆಯದೆ ಬಿಟ್ಟದ್ದು ಮೇ ತಿಂಗಳ ಕೊನೆಯ ವಾರ ‘ಅದು ಎಲ್ಲಿ?’ ಎಂದು ಎದ್ದು ನಿಲ್ಲುತ್ತದೆ.

ಮಸ್ಟ್ ಕೆಲಸಗಳಿಗೆ ಒಟ್ಟು ಶ್ರಮದ ಶೇ 60ಕ್ಕಿಂತ ಹೆಚ್ಚು ಹೋಗಬಾರದು, ಕುಡ್ ಸುಮಾರು ಶೇ 20 ಇರಲಿ ಎಂದು ಡಿಎಸ್‌ಡಿಎಂ ಹೇಳುತ್ತದೆ. ಗಮನಿಸಿ, ಇದು ಸಾಲುಗಳ ಎಣಿಕೆಯಲ್ಲ, ದಿನಗಳ ಎಣಿಕೆ. ನಿಮ್ಮದು ಶೇ 53 ಮತ್ತು ಶೇ 20. ಮೂರೂ ಗುಂಪು ಸೇರಿ 190, ಕೈಯಲ್ಲಿ ಹತ್ತು ದಿನ ಉಳಿತಾಯ. ಪರೀಕ್ಷೆಗೆ ಬೇರೆ ಸಾಲು ಹುಡುಕಬೇಡಿ. ಪ್ರತಿ ಕೆಲಸದ ದಿನಗಳಲ್ಲೇ ಅದರ ಪರೀಕ್ಷೆಯೂ ಸೇರಿರಬೇಕು, ಇಲ್ಲವಾದರೆ ಅದೇ ಮೊದಲು ಕುಡ್ ಆಗಿಬಿಡುತ್ತದೆ.

ಆ ಕುಡ್ ಏಕೆ ಬೇಕು ಎಂದು ಕಾಲೇಜಿನವರಿಗೆ ಹೀಗೆ ಹೇಳಿ. ಮೀಸಲಾತಿ ನಿಯಮಗಳು ಅಂದುಕೊಂಡದ್ದಕ್ಕಿಂತ ಸಿಕ್ಕಾಗಿ, 28 ದಿನದ ಮೆರಿಟ್ ಪಟ್ಟಿ 45 ದಿನ ತಿಂದಿತು ಎನ್ನಿ. ಹದಿನೇಳು ದಿನ ಹೆಚ್ಚು. ಉಳಿಸಿಟ್ಟ ಹತ್ತು ದಿನ ಹೋಯಿತು, ಇನ್ನೇಳಕ್ಕೆ ಗುರುತಿನ ಚೀಟಿ ಮುದ್ರಣ ಕೈಬಿಟ್ಟುಹೋಯಿತು. ಜೂನ್ 1 ಹಾಗೇ ಇದೆ, ಮಸ್ಟ್ ಒಂದೂ ಹೋಗಿಲ್ಲ. ತುರ್ತಿಗೆಂದು ಹಣ ತೆಗೆದಿಡುವ ಹಾಗೆ ಇಲ್ಲಿ ಕೆಲಸವನ್ನೇ ತೆಗೆದಿಟ್ಟಿದ್ದೀರಿ. ಏನೂ ಕೆಡದಿದ್ದರೆ ಚೀಟಿಯೂ ಸಿಗುತ್ತದೆ.

ಎರಡು ಕಡೆ ಇದು ಎಡವುತ್ತದೆ. ಡೆವಲಪರ್‌ಗಳಿಗೆ ಡ್ಯಾಶ್‌ಬೋರ್ಡಿನ ಗ್ರಾಫ್ ಬರೆಯಲು ಖುಷಿ, ರಸೀದಿ ಲೆಕ್ಕ ಬೇಸರ. ನಾಲ್ಕನೆಯ ವಾರದಲ್ಲಿ ಕುಡ್ ಒಂದು ಮುಗಿದಿದ್ದು ಮಸ್ಟ್ ಒಂದು ಹಿಂದೆ ಬಿದ್ದಿದ್ದರೆ ಅಂದೇ ಮಾತಾಡಿ, ಬೈಯಬೇಡಿ. ಇನ್ನೊಂದು, ಯಾವುದೋ ಮಸ್ಟ್ ಕೆಲಸ ಗೊತ್ತಾಗದೆ ಒಂದು ಶುಡ್ ಮೇಲೆ ನಿಂತಿರುತ್ತದೆ. ಅರ್ಜಿ ಸಂಖ್ಯೆಯನ್ನು ಎಸ್‌ಎಂಎಸ್‌ನಲ್ಲಿ ಮಾತ್ರ ಕಳಿಸುವ ಹಾಗೆ ಬರೆದಿದ್ದರೆ ಎಸ್‌ಎಂಎಸ್ ಸದ್ದಿಲ್ಲದೆ ಮಸ್ಟ್ ಆಗಿಹೋಯಿತು. ಸಂಖ್ಯೆಯನ್ನು ಪರದೆಯ ಮೇಲೂ ತೋರಿಸಿದರೆ ಗಂಟು ಬಿಚ್ಚುತ್ತದೆ. ಪಟ್ಟಿಯನ್ನು ಎರಡು ವಾರಕ್ಕೊಮ್ಮೆ ಕಾಲೇಜಿನ ಆ ಒಬ್ಬರ ಜೊತೆ ಕೂತು ನೋಡಿ. ಹೊಸದೊಂದು ಮಸ್ಟ್ ಬಂದರೆ ಅಷ್ಟೇ ದಿನದ ಯಾವುದು ಕೆಳಗಿಳಿಯುತ್ತದೆ ಎಂದು ಆ ಕ್ಷಣವೇ ಅವರಿಂದಲೇ ಬರೆಸಿಕೊಳ್ಳಿ.

ಇಷ್ಟೆಲ್ಲ ಸೀಳಿದ ಮೇಲೂ ಮಸ್ಟ್ 150, 160ಕ್ಕೆ ನಿಂತರೆ, ಅದು ನೀವು ಗುರುತು ಹಾಕಿ ಬಗೆಹರಿಸುವ ವಿಷಯವಲ್ಲ. ದಿನವೋ ಹಣವೋ ಜನವೋ ಒಂದು ಬದಲಾಗಲೇಬೇಕು, ಅದನ್ನು ನಿರ್ಧರಿಸುವ ಅಧಿಕಾರ ನಿಮಗಿಲ್ಲ. ಲೆಕ್ಕದ ಹಾಳೆ ಹಿಡಿದು ನಿಮ್ಮ ಮ್ಯಾನೇಜರ್ ಬಳಿ ಹೋಗಿ, ‘ಸರ್, ಇದು ಹತ್ತು ವಾರಕ್ಕೆ ಹಿಡಿಸುತ್ತಿಲ್ಲ, ಕಾಲೇಜಿನವರ ಜೊತೆ ನೀವೇ ಒಮ್ಮೆ ಮಾತಾಡಬೇಕು’ ಎನ್ನಿ. ಎರಡನೆಯ ವಾರದಲ್ಲೇ ಹೇಳಿ, ಒಂಬತ್ತನೆಯ ವಾರದವರೆಗೆ ಇಟ್ಟುಕೊಳ್ಳಬೇಡಿ.

ನಿದ್ದೆಯ ಮಾತು ಬಾಕಿ ಇದೆ. ಪಟ್ಟಿ ಸರಿಹೋದ ಮೇಲೂ ಎರಡು ವಾರಕ್ಕೂ ಮಿಕ್ಕಿ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಅದನ್ನು ಬರೀ ಕೆಲಸದ ಒತ್ತಡ ಎಂದು ತಳ್ಳಿಹಾಕದೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.